12 ಅಡಿ ಅಗಲದ ಅಂಗಡಿಯಲ್ಲಿ ಎಷ್ಟು ರ‍್ಯಾಕ್ ಕೂರುತ್ತವೆ?

ಪ್ರಶ್ನೆ: ನಮ್ಮ ಅಂಗಡಿ ಒಳಗಡೆ 12 ಅಡಿ ಅಗಲ, 20 ಅಡಿ ಉದ್ದ. ಬಾಗಿಲು ಅಗಲದ ಕಡೆ. ಗಿರಾಕಿಗಳು ಒಳಗೆ ಬಂದು ತಾವೇ ಸಾಮಾನು ಆರಿಸಿಕೊಳ್ಳಬೇಕು. 3 ಅಡಿ ಉದ್ದ, 15 ಇಂಚು ಆಳದ ರ‍್ಯಾಕ್ ನೋಡಿಟ್ಟಿದ್ದೇನೆ, ಒಂದಕ್ಕೆ 3.75 ಚದರ ಅಡಿ ಜಾಗ. 240 ಚದರ ಅಡಿಯಲ್ಲಿ ಅರ್ಧ ಓಡಾಟಕ್ಕೆ ಬಿಟ್ಟರೂ 32 ರ‍್ಯಾಕ್ ಬರುತ್ತವೆ. ಈ ಲೆಕ್ಕ ಸರಿಯೇ?

ಅಂಗಡಿ ಒಳಾಂಗಣ ಮಾಡುವವರು: ದಯವಿಟ್ಟು ಇನ್ನೂ ಆರ್ಡರ್ ಕೊಡಬೇಡಿ. 32 ರ‍್ಯಾಕ್ ಸಾಲಾಗಿ ನಿಲ್ಲಿಸಿದರೆ 96 ಅಡಿ ಉದ್ದವಾಗುತ್ತದೆ. ನಿಮ್ಮ ನಾಲ್ಕೂ ಗೋಡೆ ಸುತ್ತಿ ಅಳೆದರೂ 64 ಅಡಿ, ಅದರಲ್ಲೇ ಬಾಗಿಲೂ ಬಂತು. ಚದರ ಅಡಿಯನ್ನು ಭಾಗಿಸಿದರೆ ಉತ್ತರವೇನೋ ಬರುತ್ತದೆ, ಆದರೆ ರ‍್ಯಾಕಿನ ಮುಂದೆ ಒಬ್ಬರು ನಿಂತು ಕೈ ಚಾಚಬೇಕು ಅನ್ನುವುದು ಆ ಲೆಕ್ಕಕ್ಕೆ ಗೊತ್ತಿಲ್ಲ.

ಮೊದಲು ಅಗಲ ನೋಡಿ. 12 ಅಡಿ ಅಂದರೆ 144 ಇಂಚು. ಎರಡೂ ಪಕ್ಕದ ಗೋಡೆಗೆ ಒಂದೊಂದು ಸಾಲು, ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಜೋಡಿ ಸಾಲು ಇಟ್ಟರೆ ಶೆಲ್ಫಿನ ಆಳ ಒಟ್ಟು ನಾಲ್ಕು ಸಲ ಬರುತ್ತದೆ, 60 ಇಂಚು. ಉಳಿದ 84 ಇಂಚನ್ನು ಎರಡು ದಾರಿಗೆ ಹಂಚಿದರೆ ಒಂದೊಂದಕ್ಕೆ 42 ಇಂಚು. ಇದು ಒಳ್ಳೆಯ ದಾರಿ. ನಡುವಿನ ಸಾಲು ನಿಮ್ಮಲ್ಲಿ ಕೂರುತ್ತದೆ. ಇದೇ ರ‍್ಯಾಕ್ 10 ಅಡಿ ಅಗಲದ ಅಂಗಡಿಗೆ ಹಾಕಿದ್ದರೆ ದಾರಿ 30 ಇಂಚಿಗೆ ಇಳಿದು ನಡುಸಾಲು ಕೈಬಿಡಬೇಕಾಗುತ್ತಿತ್ತು.

ಆಮೇಲೆ ಉದ್ದ, 240 ಇಂಚು. ಬಾಗಿಲು ಮತ್ತು ಬಿಲ್ಲಿಂಗ್‌ಗೆ ಮುಂದೆ 5 ಅಡಿಯಾದರೂ ಖಾಲಿ ಬಿಡಿ. ಹಿಂದಿನ ಗೋಡೆಗೆ 3 ರ‍್ಯಾಕ್ ನಡುಮಧ್ಯಕ್ಕೆ ಇಡಿ. ಪಕ್ಕದ ಸಾಲುಗಳನ್ನು ಹಿಂದಿನ ಗೋಡೆಗೆ ತಾಗಿಸದೆ 15 ಇಂಚು ಮುಂದಿನಿಂದ ಶುರು ಮಾಡಿ. ತಾಗಿಸಿದರೆ ಮೂಲೆಯಲ್ಲಿ ಒಂದು ರ‍್ಯಾಕಿನ ಮುಖಕ್ಕೆ ಇನ್ನೊಂದು ಅಡ್ಡ ನಿಲ್ಲುತ್ತದೆ, ದುಡ್ಡು ಕೊಟ್ಟ ಶೆಲ್ಫು ಕೈಗೆ ಸಿಗುವುದಿಲ್ಲ. ಹೀಗೆ ಇಟ್ಟಾಗ ಪಕ್ಕಕ್ಕೆ ಉಳಿಯುವುದು 165 ಇಂಚು, ಅಂದರೆ ಒಂದೊಂದು ಕಡೆ 4 ರ‍್ಯಾಕ್. ನಡುಸಾಲಿನ ಹಿಂತುದಿಯಲ್ಲಿ ತಿರುಗಲು 48 ಇಂಚು ಬಿಟ್ಟರೆ 117 ಇಂಚು ಸಿಗುತ್ತದೆ, 3 ಜೋಡಿ, ಅಂದರೆ 6 ಮುಖ.

ಒಟ್ಟು 17. ನಿಮ್ಮ 32ರ ಅರ್ಧಕ್ಕಿಂತ ಒಂದೇ ಹೆಚ್ಚು. ಇಷ್ಟಕ್ಕೆ ಹಿಡಿಯುವ ನೆಲ ಸುಮಾರು 64 ಚದರ ಅಡಿ, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಚಿಕ್ಕ ಅಂಗಡಿಯಲ್ಲಿ ಅರ್ಧ ನೆಲಕ್ಕೆ ರ‍್ಯಾಕ್ ತುಂಬಿದರೆ ಮನುಷ್ಯರಿಗೆ ಜಾಗ ಉಳಿಯುವುದಿಲ್ಲ.

ಒಂದು ವಿಷಯ ನೋಡಿ ಹೇಳಿ. 15 ಇಂಚು ಅಂದದ್ದು ಶೆಲ್ಫಿನ ಹಲಗೆಯ ಅಳತೆಯೋ, ಹಿಂದಿನ ಕಂಬ ಸೇರಿಸಿದ ಪೂರ್ತಿ ಆಳವೋ?

ಔಷಧಿ ಅಂಗಡಿಯವರು: ನಮ್ಮದು ಇದಕ್ಕಿಂತ ಚಿಕ್ಕದು. ರ‍್ಯಾಕ್‌ಗಳ ನಡುವೆ ಎರಡೂವರೆ ಅಡಿ ಮಾತ್ರ ಬಿಟ್ಟಿದ್ದೇವೆ, ಏನೂ ತೊಂದರೆಯಾಗಿಲ್ಲ. ಮೂರೂವರೆ ಅಡಿ ಬಿಡುವುದು ಜಾಗ ಹಾಳು ಮಾಡಿದಂತಲ್ಲವೇ?

ಅಂಗಡಿ ಒಳಾಂಗಣ ಮಾಡುವವರು: ನಿಮ್ಮ ಗಿರಾಕಿ ಕೌಂಟರಿನ ಹೊರಗೇ ನಿಲ್ಲುತ್ತಾರೆ ಸರ್, ಒಳಗೆ ಓಡಾಡುವವರು ನಿಮ್ಮವರು ಒಬ್ಬರೋ ಇಬ್ಬರೋ. ಅಂಥ ದಾರಿಗೆ 30 ಇಂಚು ನಡೆಯುತ್ತದೆ. ಇಲ್ಲಿ ಗಿರಾಕಿಯೇ ಒಳಗೆ ಬರುತ್ತಾರೆ, ಕೈಯಲ್ಲಿ ಬುಟ್ಟಿ, ಜೊತೆಗೆ ಮಗು. ಎರಡೂ ಒಂದೇ ಅಳತೆಯಲ್ಲಿ ಆಗುವುದಿಲ್ಲ.

ರ‍್ಯಾಕ್ ಮಾರುವ ಕೆಲಸದಲ್ಲಿರುವವರು: 18 ಇಂಚಿನ ಶೆಲ್ಫ್ ತಗೊಳ್ಳಿ ಅಂತ ನನ್ನ ಸಲಹೆ. 144ರಲ್ಲಿ 72 ಹೋದರೂ ದಾರಿ ಒಂದೊಂದಕ್ಕೆ 36 ಇಂಚು ಸಿಗುತ್ತದೆ. ಮೂರು ಅಡಿ ಸಾಕು, ಸರಕು ಎಷ್ಟೋ ಹೆಚ್ಚು ಹಿಡಿಯುತ್ತದೆ.

ಅಂಗಡಿ ಒಳಾಂಗಣ ಮಾಡುವವರು: ಲೆಕ್ಕ ಸರಿ ಇದೆ, ಒಬ್ಬರು ನಡೆಯಲು 36 ಇಂಚು ಸಾಕು ಅನ್ನುವುದೂ ನಿಜ. ಆದರೆ ಕೆಳಗಿನ ಶೆಲ್ಫಿಗೆ ಒಬ್ಬರು ಕುಕ್ಕರುಗಾಲಲ್ಲಿ ಕೂತರೆ ಎರಡು ಅಡಿ ಹೋಯಿತು, ಉಳಿದ ಒಂದು ಅಡಿಯಲ್ಲಿ ಇನ್ನೊಬ್ಬರು ದಾಟಲಾರರು. ಜನ ಆ ಸಾಲಿನ ತುದಿಯಲ್ಲೇ ನಿಂತು ಇಣುಕಿ ಹಿಂದಿರುಗುತ್ತಾರೆ. ಕೆಳಗಿನ ಶೆಲ್ಫಿನ ಮಾಲು ಮಾತ್ರ ಹೋಗುತ್ತಿಲ್ಲ ಅಂದರೆ ಮೊದಲು ದಾರಿಯನ್ನು ಅಳೆದು ನೋಡಿ. ಗಾಲಿಕುರ್ಚಿಯಲ್ಲಿ ಬರುವವರು ಇಂಥ ಕಿರಿದಾದ ನಡುಸಾಲನ್ನು ಸುತ್ತಿ ತಿರುಗಬೇಕಾದರೆ ದಾರಿ 42, ತುದಿ 48 ಇಂಚು ಬೇಕು. ನಾನು ಆ ಅಳತೆ ಹಿಡಿದದ್ದು ಅದಕ್ಕೇ.

ಇನ್ನು ಸರಕು. ಆಳದ ಶೆಲ್ಫಿನಲ್ಲಿ ಚಿಕ್ಕ ಪೊಟ್ಟಣ ಇಟ್ಟರೆ ಮುಂದಿನ ಎರಡು ಸಾಲು ಕಾಣುತ್ತವೆ, ಹಿಂದಿನದು ಅಲ್ಲೇ ಹಳತಾಗುತ್ತದೆ. ದೊಡ್ಡ ಡಬ್ಬ, ಮೂಟೆ ಮಾರುವ ಅಂಗಡಿಗಾದರೆ ನಿಮ್ಮ 18 ಇಂಚು ಸರಿಯೇ.

ಪ್ರಶ್ನೆ ಕೇಳಿದವರು: ಅಳೆದು ನೋಡಿದೆ. ಗೋಡೆ ರ‍್ಯಾಕ್ ಹಿಂದಿನ ಕಂಬ ಸೇರಿ 17 ಇಂಚು. ಜೋಡಿ ರ‍್ಯಾಕ್ 32 ಇಂಚು. ಈಗ ಎಲ್ಲ ತಲೆಕೆಳಗಾಯಿತೇ?

ಅಂಗಡಿ ಒಳಾಂಗಣ ಮಾಡುವವರು: ಪೂರ್ತಿ ಇಲ್ಲ. ಗೋಡೆಗಳಿಗೆ 34, ನಡುವೆ 32 ಹೋದರೆ 78 ಉಳಿಯುತ್ತದೆ, ದಾರಿ 39 ಇಂಚಿಗೆ ಇಳಿಯುತ್ತದೆ. ನಡುಸಾಲಿಗೆ ಮಾತ್ರ 12 ಇಂಚಿನ ಶೆಲ್ಫ್ ಕೇಳಿ. ಆಗ ಅದರ ಆಳ 26 ಇಂಚು, ದಾರಿ ಮತ್ತೆ 42. ಹಗುರ, ಚಿಕ್ಕ ಸಾಮಾನು ನಡುವೆ, ದೊಡ್ಡದೆಲ್ಲ ಗೋಡೆಗೆ.

ರ‍್ಯಾಕಿನ ಸಂಖ್ಯೆ 17ರಲ್ಲೇ ಉಳಿಯುತ್ತದೆ, ಆದರೆ ಮೂಲೆ ಬಿಗಿಯಾಗುತ್ತದೆ. ಸಾಲಿನ ಕೊನೆಗೆ ಒಂದು ಕಂಬ ಹೆಚ್ಚಿಗೆ ಬರುವುದರಿಂದ ಹಿಂದಿನ 3 ರ‍್ಯಾಕಿನ ಸಾಲು 108 ಅಲ್ಲ, ಸುಮಾರು 110 ಇಂಚು ಅಂತಲೇ ಹಿಡಿಯಿರಿ. ಎರಡೂ ಬದಿಗೆ 17 ಉಳಿಯುತ್ತದೆ, ಪಕ್ಕದ ರ‍್ಯಾಕಿನ ಆಳವೂ 17. ಗೋಡೆ ಒಂದಿಷ್ಟು ಉಬ್ಬಿದ್ದರೂ ಸಿಕ್ಕಿಕೊಳ್ಳುತ್ತದೆ. ಪಕ್ಕದ ಸಾಲುಗಳನ್ನು ಎರಡು ಇಂಚು ಮುಂದಕ್ಕೆ ಎಳೆಯಿರಿ, ಅಲ್ಲಿ ಅಷ್ಟು ಜಾಗ ಇದೆ. ಅಗಲವನ್ನು ಬಾಗಿಲ ಹತ್ತಿರ, ನಡುವೆ, ಹಿಂದೆ ಮೂರು ಕಡೆ ಅಳೆದು, ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ನೆಲದ ಹತ್ತಿರ ಪಟ್ಟಿ ಮುಂದೆ ಬಂದಿದ್ದರೆ ಅದನ್ನೂ ಬಿಡಬೇಡಿ.

ಕೊನೆಗೆ ಚಾಕ್‌ಪೀಸಿನಲ್ಲಿ ಎಲ್ಲವನ್ನೂ ನೆಲದ ಮೇಲೆ ಬರೆದು, ಒಬ್ಬರನ್ನು ಕೂರಿಸಿ, ಇನ್ನೊಬ್ಬರು ಬುಟ್ಟಿ ಹಿಡಿದು ದಾಟಿ ನೋಡಿ.

ಇನ್ನೊಬ್ಬ ವಿನ್ಯಾಸಕಿ: ನಡುಸಾಲು ನಾನಾಗಿದ್ದರೆ 2 ಜೋಡಿಗೇ ನಿಲ್ಲಿಸುತ್ತಿದ್ದೆ. 5 ಅಡಿಯಲ್ಲಿ ಬಾಗಿಲೂ ಕೌಂಟರೂ ಬಿಲ್ ಮಾಡಿಸುವವರ ಸಾಲೂ ಹಿಡಿಯುವುದಿಲ್ಲ. ಬಾಗಿಲು ಒಳಗೆ ತೆರೆದುಕೊಳ್ಳುವಂಥದ್ದಾದರೆ ಅದೇ 3 ಅಡಿ ತಿನ್ನುತ್ತದೆ. 15 ಮುಖ ಬಂದರೂ ಮುಂದೆ 8 ಅಡಿ ಸಿಗುತ್ತದಲ್ಲ?

ಅಂಗಡಿ ಒಳಾಂಗಣ ಮಾಡುವವರು: ಒಳಗೆ ತೆರೆಯುವ ಬಾಗಿಲಾದರೆ ನಿಮ್ಮ ಮಾತು ಒಪ್ಪುತ್ತೇನೆ ಮೇಡಂ. ಷಟರ್ ಅಥವಾ ಸರಿಸುವ ಬಾಗಿಲಾದರೆ, ಕೌಂಟರನ್ನು ಗೋಡೆಗೆ ಸೇರಿಸಿ 3 ಜೋಡಿ ಉಳಿಸಿಕೊಳ್ಳಬಹುದು ಅಂತ ನನ್ನ ಲೆಕ್ಕ.

ಪ್ರಶ್ನೆ ಕೇಳಿದವರು: ಬಾಗಿಲು ಒಳಗೇ ತೆರೆಯುತ್ತದೆ. ಹೊರಕ್ಕೆ ತಿರುಗಿಸಲು ಕಟ್ಟಡದ ಮಾಲೀಕರು ಒಪ್ಪುತ್ತಾರೋ ಕೇಳಬೇಕು. ಸದ್ಯಕ್ಕೆ ಗೋಡೆಯ 11 ರ‍್ಯಾಕ್ ಮತ್ತು 2 ಜೋಡಿ ಹೇಳುತ್ತೇನೆ, ಮೂರನೆಯದು ಆಮೇಲೆ ಸೇರಿಸಬಹುದು ತಾನೇ?

ಅಂಗಡಿ ಒಳಾಂಗಣ ಮಾಡುವವರು: ಸೇರಿಸಬಹುದು, ಅದೇ ತಯಾರಕರ ಅದೇ ಮಾದರಿ ಆಗಿರಬೇಕು. ಕಂಬದ ತೂತುಗಳ ಅಂತರ ಬೇರೆಯಾದರೆ ಶೆಲ್ಫ್ ಕೊಂಡಿ ಕೂರುವುದಿಲ್ಲ.