ಸೆಪ್ಟೆಂಬರ್ ನಾಟಿ: ಮುಂಗಾರೋ ಹಿಂಗಾರೋ?

ಕೇಳಿದವರು (ಮಳವಳ್ಳಿ ಕಡೆ): ನಾಲೆ ನೀರು ತಡವಾಗಿ ಬಂತು. ಸೆಪ್ಟೆಂಬರ್ 10ಕ್ಕೆ ಭತ್ತ ನಾಟಿ ಮಾಡಿದೆ. ಕೊಯ್ಲು ಡಿಸೆಂಬರ್ ಕೊನೆಗೆ. ಬೆಳೆ ಸಮೀಕ್ಷೆಯಲ್ಲಿ ಇದನ್ನು ಖಾರಿಫ್ ಅಂತ ಬರೆಸಲಾ, ರಬಿ ಅಂತಲಾ? ಅನುಭವ ಇದ್ದವರು ಹೇಳಿ.

ಮದ್ದೂರಿನವನು: ಇದರಲ್ಲಿ ಕೈ ಸುಟ್ಟುಕೊಂಡವನು ನಾನು. ಎರಡೆಕರೆ, ತಡವಾದ ನಾಟಿ. ಸರ್ವೆಗೆ ಬಂದ ಹುಡುಗ "ಚಳಿಗಾಲದಲ್ಲಿ ಕೊಯ್ತೀರಲ್ಲ, ಹಿಂಗಾರು" ಅಂತ ಒತ್ತಿಬಿಟ್ಟ. ನಾನೂ ಸುಮ್ನೆ ತಲೆ ಆಡಿಸಿದೆ. ಖರೀದಿ ಕೇಂದ್ರದಲ್ಲಿ ನೋಡಿದರೆ ಮುಂಗಾರಿಗೆ ನನ್ನ ಜಮೀನು ಖಾಲಿ ಅಂತ ತೋರಿಸುತ್ತಿದೆ! ಮೂರು ಸಲ ಓಡಾಡಿದೆ, ಒಂದು ಸಲ ಬೈಕ್ ಪಂಕ್ಚರ್ ಬೇರೆ. ಕೊನೆಗೆ 44 ಕ್ವಿಂಟಾಲ್ ದಲ್ಲಾಳಿಗೆ ಕೊಟ್ಟೆ, ಕ್ವಿಂಟಾಲಿಗೆ 350 ಕಮ್ಮಿ. ಲೆಕ್ಕ ಹಾಕಿ, 15,400 ರೂಪಾಯಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪಾಂಡವಪುರದ ಅಣ್ಣ: ಆ ಹುಡುಗ ಹೇಳಿದ್ದು ಸರಿನೇ ಇದೆ. ಜೂನ್‌ನಿಂದ ಅಕ್ಟೋಬರ್ ಖಾರಿಫ್, ಅಲ್ಲಿಂದ ಫೆಬ್ರವರಿವರೆಗೆ ರಬಿ. ಡಿಸೆಂಬರ್ ಯಾವುದರಲ್ಲಿ ಬೀಳುತ್ತೆ ನೀವೇ ನೋಡಿ.

ಟಿ. ನರಸೀಪುರದ ಅಕ್ಕ: ತಿಂಗಳು ಸರಿ, ಅರ್ಥ ತಪ್ಪು. ಕೊಯ್ಲು ನೋಡಬಾರದು, ಬಿತ್ತನೆ ನೋಡಬೇಕು. ನಮ್ಮ ರಾಗಿ ಜುಲೈ-ಆಗಸ್ಟಲ್ಲಿ ಬಿತ್ತಿ ನವೆಂಬರ್-ಡಿಸೆಂಬರಲ್ಲಿ ಕೊಯ್ತೀವಿ, ಅದನ್ನು ಯಾರಾದರೂ ಹಿಂಗಾರು ಅಂತಾರಾ? ಹಿಂಗಾರು ಅಂದರೆ ಮಳೆ ಹಿಂದೆ ಸರಿಯೋ ಹೊತ್ತಿಗೆ ಚೆಲ್ಲೋ ಹುರುಳಿ, ಕಡಲೆ. ಗೊಂದಲದ ಮೂಲ ಹೆಸರಲ್ಲೇ ಇದೆ. ಖಾರಿಫ್ ಅಂದರೆ ಅರಬ್ಬಿಯಲ್ಲಿ ಶರತ್ಕಾಲ, ರಬಿ ಅಂದರೆ ವಸಂತ. ಅಂದರೆ ಅವರು ಕೊಯ್ಲಿನ ಕಾಲದ ಹೆಸರಿಟ್ಟರು, ನಾವು ಬಿತ್ತೋ ಮಳೆಯ ಹೆಸರಿಟ್ಟೆವು. ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿದರೆ ಇನ್ನೇನಾಗುತ್ತೆ! ನಿಮ್ಮ ಸಸಿಮಡಿ ಆಗಸ್ಟಲ್ಲೇ ಬಿದ್ದಿರಬೇಕಲ್ವಾ? ಹಾಗಿದ್ದರೆ ಮುಂಗಾರು ಅಂತಲೇ ಬರೆಸಿ, ಸಸಿಮಡಿ ಫೋಟೋ ಇದ್ದರೆ ಇಟ್ಟುಕೊಳ್ಳಿ.

ವಿಮೆ ಬೇಕಿದ್ದರೆ ಮಾತ್ರ ಎಚ್ಚರ. ಭತ್ತಕ್ಕೆ ರೈತನ ಕಂತು ಮುಂಗಾರಿಗೆ 2%, ಹಿಂಗಾರಿಗೆ 1.5%. ಅರ್ಧ ಪರ್ಸೆಂಟ್ ಉಳಿಸೋಕೆ ಹೋಗಿ ಹಂಗಾಮು ಬದಲಿಸಿದವರನ್ನು ನೋಡಿದ್ದೇನೆ. ಪಹಣಿಗೂ ವಿಮೆಗೂ ತಾಳೆ ಆಗದೆ ಕೈಗೆ ಏನೂ ಬರಲಿಲ್ಲ.

ಪಾಂಡವಪುರದ ಅಣ್ಣ: ಅರಬ್ಬಿ ಪಾಠ ಬೇಡ ಅಕ್ಕ. ನಾವು ಜುಲೈನಲ್ಲೇ ನಾಟಿ ಮುಗಿಸ್ತೀವಿ, ಈ ತಲೆನೋವೇ ಇಲ್ಲ.

ಮದ್ದೂರಿನವನು: ನಾಲೆ ತಲೆಯಲ್ಲಿ ಕೂತವರಿಗೆ ಏನು ಗೊತ್ತು? ನೀವು ತೂಬು ಬಿಗಿ ಮಾಡಿದರೆ ನಮಗೆ ಆಗಸ್ಟಲ್ಲಾದರೂ ನೀರು ಬರುತ್ತೆ!

ಪಾಂಡವಪುರದ ಅಣ್ಣ: ಹೂಳು ತೆಗೆಯದೆ ನಮ್ಮ ಮೇಲೆ ಯಾಕೆ ಹಾಕ್ತೀರಿ.

ಕಬ್ಬಿನವನು: ನನ್ನ ಕಬ್ಬು ಹನ್ನೆರಡು ತಿಂಗಳು ಹೊಲದಲ್ಲಿರುತ್ತೆ, ಅದು ಯಾವ ಹಂಗಾಮು? ಯಾರೂ ಹೇಳಲ್ಲ.

ಟಿ. ನರಸೀಪುರದ ಅಕ್ಕ: ಕಬ್ಬು ಈಗ ಬೇಡ ಬಿಡಿ. ಮಳವಳ್ಳಿಯವರೇ, ತಳಿ ಯಾವುದು? 140 ದಿನದ್ದಾದರೆ ಹೊಡೆ ಬಿಚ್ಚೋದು ಡಿಸೆಂಬರ್ ಚಳಿಗೆ ಸಿಕ್ಕಿ ಜಳ್ಳು ಜಾಸ್ತಿ ಆಗುತ್ತೆ. ಹೋದ ಸಲ ನನಗೆ ಹಾಗೇ ಆಯ್ತು, ತೆನೆ ನೆಟ್ಟಗೆ ನಿಂತಿತ್ತು, ಬಾಗಲೇ ಇಲ್ಲ.

ಕೇಳಿದವರು: ತಳಿ ಹೆಸರು ಚೀಲದ ಮೇಲಿತ್ತು ಅಕ್ಕ, ಚೀಲ ಹುಡುಕ್ತಾ ಇದ್ದೀನಿ.