ಕೈ ಆಡುತ್ತದೆ, ಸ್ಕ್ಯಾನ್‌ನಲ್ಲಿ ಬಣ್ಣ ಇಲ್ಲ: ಯಾಕೆ?

ಪ್ರಶ್ನೆ (ಬಾಗಲಕೋಟೆ): ನಮ್ಮ ಕಾಕಾಗೆ ಮೆದುಳಿನ ಎಡಗಡೆ ಗಡ್ಡೆ ಇದೆ. ಆಪರೇಷನ್‌ಗೆ ಮೊದಲು ಫಂಕ್ಷನಲ್ ಎಂಆರ್‌ಐ ಮಾಡಿದರು. ಎಡಗೈ ಬೆರಳು ಆಡಿಸಿದಾಗ ಬಲಗಡೆ ಬಣ್ಣ ಚೆನ್ನಾಗಿ ಬಂತು. ಬಲಗೈ ಆಡಿಸಿದಾಗ ಗಡ್ಡೆಯ ಹತ್ತಿರ ಏನೂ ಬರಲಿಲ್ಲ. ಆದರೆ ಅವರು ಬಲಗೈಯಲ್ಲೇ ರೊಟ್ಟಿ ಮುರಿದು ಉಣ್ಣುತ್ತಾರೆ. ಆ ಜಾಗ ಸತ್ತಿದೆಯಾ ಸರ್?

ಉತ್ತರ (ರೇಡಿಯಾಲಜಿ ಡಾಕ್ಟರ್, ಬೆಳಗಾವಿ): ಹಾಗೆ ಹೇಳಲು ಬರುವುದಿಲ್ಲ ಅಕ್ಕಾರ. ಆ ಯಂತ್ರ ನರಕೋಶದ ಕೆಲಸವನ್ನು ನೇರವಾಗಿ ನೋಡುವುದೇ ಇಲ್ಲ, ಅದು ನೋಡುವುದು ರಕ್ತವನ್ನು. ನರಕೋಶದ ವಿದ್ಯುತ್ ಸಂಕೇತ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ ಮುಗಿಯುತ್ತದೆ. ಅದರ ಹಿಂದೆಯೇ ಅಲ್ಲಿಯ ಸಣ್ಣ ರಕ್ತನಾಳ ಹಿಗ್ಗಿ ಹೊಸ ರಕ್ತ ಬರುತ್ತದೆ. ಸ್ಕ್ಯಾನ್‌ನ ಸಿಗ್ನಲ್ ಏರಿ ತುದಿ ಮುಟ್ಟಲು ಸುಮಾರು 5 ಸೆಕೆಂಡು ಬೇಕು. ಏರುವುದೂ ಶೇ. 1-2ರಷ್ಟೇ, ಆ ಏರಿಕೆಯೇ ಚಿತ್ರದಲ್ಲಿ ಬಣ್ಣವಾಗಿ ಕಾಣುವುದು.

ಗಡ್ಡೆಯ ಸುತ್ತಲಿನ ನಾಳಗಳು ಎಷ್ಟೋ ಸಲ ಮಾತು ಕೇಳುವುದಿಲ್ಲ. ಮೊದಲೇ ಪೂರ್ತಿ ಹಿಗ್ಗಿರುತ್ತವೆ, ಇನ್ನು ಹಿಗ್ಗಲು ಜಾಗವೇ ಇರುವುದಿಲ್ಲ. ಆಗ ನರಕೋಶ ಕೆಲಸ ಮಾಡಿದರೂ ಬಣ್ಣ ಬರುವುದಿಲ್ಲ. ಕಾಕಾ ರೊಟ್ಟಿ ಮುರಿಯುತ್ತಾರಲ್ಲ, ಆ ಖಾಲಿ ಜಾಗಕ್ಕಿಂತ ನಾನು ಅದನ್ನೇ ಜಾಸ್ತಿ ನಂಬುತ್ತೇನೆ.

ವಿಜಯಪುರದ ಸೈನ್ಸ್ ಮಾಸ್ತರು: ಕೆಲಸ ಮಾಡುವ ಜಾಗ ಆಕ್ಸಿಜನ್ ಖರ್ಚು ಮಾಡುತ್ತದೆ. ಅಲ್ಲಿ ಆಕ್ಸಿಜನ್ ಕಡಿಮೆಯಾಗಿದ್ದೇ ಬಣ್ಣವಾಗಿ ಕಾಣುತ್ತದೆ, ಅಲ್ವಾ?

ಡಾಕ್ಟರ್: ಖರ್ಚಾಗುವುದು ನಿಜ ಮಾಸ್ತರ, ಆದರೆ ಬಣ್ಣ ಬರುವುದು ಅದರ ಉಲ್ಟಾ ಕಾರಣಕ್ಕೆ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸಿ ಸಿಗ್ನಲ್ ತಗ್ಗಿಸುತ್ತದೆ. 1986ರಲ್ಲಿ ಫಾಕ್ಸ್ ಮತ್ತು ರೈಕ್ಲ್ ಎಂಬ ವಿಜ್ಞಾನಿಗಳು ಅಳೆದಾಗ ಮೆದುಳಿನ ಕೆಲಸ ಮಾಡುವ ಜಾಗದಲ್ಲಿ ರಕ್ತದ ಹರಿವು ಶೇ. 29 ಏರಿತ್ತು, ಆಕ್ಸಿಜನ್ ಬಳಕೆ ಬರೀ ಶೇ. 5. ಖರ್ಚಿಗಿಂತ ಜಾಸ್ತಿ ಹೊಸ ರಕ್ತ ಬಂದು ಆ ಹಿಮೋಗ್ಲೋಬಿನ್ ತೊಳೆದು ಹೋಗುತ್ತದೆ, ಸಿಗ್ನಲ್ ಏರುತ್ತದೆ. ಅಷ್ಟೊಂದು ರಕ್ತ ಯಾಕೆ ಬರಬೇಕು ಎಂಬುದರ ಬಗ್ಗೆ ಇನ್ನೂ ವಾದ ಇದೆ.

ಗೋಕಾಕದ ಸದಸ್ಯರು: ನಮ್ಮ ಮಗಳಿಗೆ ಫಿಟ್ಸ್ ಬರುತ್ತದೆ, ಇಇಜಿ ನಾರ್ಮಲ್ ಬಂತು. ಈ ಸ್ಕ್ಯಾನ್ ಮಾಡಿಸಲಾ?

ಡಾಕ್ಟರ್: ಇಇಜಿ ವಿದ್ಯುತ್ತನ್ನೇ ಹಿಡಿಯುತ್ತದೆ, ಇದು ರಕ್ತವನ್ನು. ಅದರ ಬದಲಿಗೆ ಇದು ಆಗುವುದಿಲ್ಲ. ಒಂದು ಇಇಜಿ ನಾರ್ಮಲ್ ಬಂದರೂ ಫಿಟ್ಸ್ ಕಾಯಿಲೆ ಇರಬಹುದು. ಮಗಳನ್ನು ನ್ಯೂರಾಲಜಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು: ನಾಳ ಕೆಟ್ಟಿದೆಯೋ ಇಲ್ಲವೋ ಹೇಗೆ ತಿಳಿಯುವುದು ಸರ್?

ಡಾಕ್ಟರ್: ಸ್ಕ್ಯಾನ್ ನಡೆಯುವಾಗ ಸ್ವಲ್ಪ ಹೊತ್ತು ಉಸಿರು ಹಿಡಿಸಿ ನೋಡುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿ ಮೆದುಳಿನ ನಾಳಗಳೆಲ್ಲ ಹಿಗ್ಗಬೇಕು. ಎಲ್ಲ ಕಡೆ ಸಿಗ್ನಲ್ ಏರಿ ಗಡ್ಡೆಯ ಹತ್ತಿರ ಮಾತ್ರ ಏರದಿದ್ದರೆ ತೊಂದರೆ ನಾಳದ್ದು.

ಪ್ರಶ್ನೆ ಕೇಳಿದವರು: ಕಾಕಾಗೆ ಉಸಿರು ಹಿಡಿಯಲು ಆಗಲಿಲ್ಲವಂತೆ.

ಡಾಕ್ಟರ್: ಹಾಗಾದರೆ ಆ ಖಾಲಿ ಜಾಗವನ್ನು ಯಾವ ಕಡೆಗೂ ಲೆಕ್ಕಕ್ಕೆ ಹಿಡಿಯಬೇಡಿ. ಆಪರೇಷನ್ ವೇಳೆ ಮೆದುಳಿಗೆ ಸಣ್ಣ ಕರೆಂಟ್ ಕೊಟ್ಟು ಕೈ ಅಲುಗುತ್ತದಾ ಎಂದು ಪರೀಕ್ಷೆ ಮಾಡುತ್ತೀರಾ ಎಂದು ಸರ್ಜನ್‌ರನ್ನು ಈಗಲೇ ಕೇಳಿ.