ಎಫ್‌ಡಿ ಬಡ್ಡಿಯಲ್ಲಿ ಟಿಡಿಎಸ್ ಹಿಡಿದರು, 15ಎಚ್ ಕೊಡಬಹುದಾ?

ಬದಿಯಡ್ಕದ ನಿವೃತ್ತ ಟೀಚರ್ (ಜುಲೈ 2025): ನನಗೆ 66 ವರ್ಷ. ಪಿಂಚಣಿ ತಿಂಗಳಿಗೆ 30,000. ಬ್ಯಾಂಕಿನ ಎಫ್‌ಡಿಯಿಂದ ವರ್ಷಕ್ಕೆ 1,40,000 ಬಡ್ಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇದೆ, ಅದರಿಂದ 1,23,000. ಜೂನ್ ಬಡ್ಡಿಯಲ್ಲಿ ಬ್ಯಾಂಕು 3,500 ಹಿಡಿದಿದೆ. ಒಟ್ಟು ಆದಾಯ 5 ಲಕ್ಷ ದಾಟಿದ್ದರಿಂದ, ತೆರಿಗೆ ಹಿಡಿಯಬೇಡಿ ಅಂತ ಬರೆದುಕೊಡುವ 15ಎಚ್ ಫಾರ್ಮ್ ಕೊಡುವ ಹಾಗಿಲ್ಲ ಅಂತ ಪರಿಚಯದವರೊಬ್ಬರು ಹೇಳಿದರು. ಹೌದಾ ಸರ್?

ಪೆರ್ಲದ ಸದಸ್ಯ: ಟೀಚರೇ, ಹಿರಿಯರಿಗೆ 50,000 ತನಕ ಬಡ್ಡಿಗೆ ತೆರಿಗೆ ಇಲ್ಲ. ಅದರ ಮೇಲಿನದ್ದಕ್ಕೆ ಮಾತ್ರ ಹಿಡಿಯಬೇಕು. ಬ್ಯಾಂಕಿನವರಲ್ಲಿ ಕೇಳಿ.

ತೆರಿಗೆ ಸಲಹೆಗಾರ, ಕಾಸರಗೋಡು: ಪೆರ್ಲದವರು ಎರಡು ಬೇರೆ ವಿಷಯ ಸೇರಿಸಿದ್ದಾರೆ. 50,000 ಅನ್ನುವುದು 80ಟಿಟಿಬಿ ಕಡಿತ. ಅದು ಹಳೆ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ ಮಾತ್ರ. ಬ್ಯಾಂಕು ನೋಡುವ ಗಡಿ ಬೇರೆ. 2025ರ ಏಪ್ರಿಲ್‌ನಿಂದ ಹಿರಿಯರಿಗೆ ಅದು ಒಂದು ಲಕ್ಷ, ಒಂದು ಬ್ಯಾಂಕಿನ ಎಲ್ಲಾ ಶಾಖೆ ಸೇರಿ. ವರ್ಷದ ಬಡ್ಡಿ ಅದನ್ನು ದಾಟುತ್ತದೆ ಅಂತ ಕಂಡರೆ ಮೊದಲ ಕಂತಿನಿಂದಲೇ ಹಿಡಿಯುತ್ತಾರೆ. ಅದೂ ಲಕ್ಷದ ಮೇಲಿನದ್ದಕ್ಕೆ ಅಲ್ಲ, ಪೂರ್ತಿ ಬಡ್ಡಿಗೆ ಶೇ. 10. ನಿಮ್ಮ ಮೂರು ತಿಂಗಳ ಬಡ್ಡಿ 35,000, ಹಾಗಾಗಿ 3,500. ಬ್ಯಾಂಕಿನ ತಪ್ಪೇನಿಲ್ಲ.

ಇನ್ನು 15ಎಚ್. 60 ದಾಟಿದವರಿಗೆ ಅಲ್ಲಿ ಒಂದೇ ಪ್ರಶ್ನೆ: ವರ್ಷದ ಕೊನೆಗೆ ಕಟ್ಟಬೇಕಾದ ತೆರಿಗೆ ಸೊನ್ನೆಯಾ? ಆದಾಯ ಎಷ್ಟು ಅಂತ ಅಲ್ಲ. ರಿಯಾಯಿತಿ ಕಳೆದ ಮೇಲೆ ಸೊನ್ನೆ ಬಂದರೂ ಆಯಿತು.

ಹಳೆ ಪದ್ಧತಿ ನೋಡೋಣ. ಪಿಂಚಣಿ 3,60,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ 3,10,000. ಬಡ್ಡಿ 2,63,000 ಸೇರಿಸಿ, 80ಟಿಟಿಬಿಯ 50,000 ಕಳೆಯಿರಿ. 5,23,000 ಉಳಿಯಿತು. 5 ಲಕ್ಷ ದಾಟಿದ ಕೂಡಲೇ ಅಲ್ಲಿನ ರಿಯಾಯಿತಿ ಹೋಗುತ್ತದೆ. ಸೆಸ್ ಸೇರಿ 15,184 ರೂಪಾಯಿ ತೆರಿಗೆ. ನಿಮ್ಮ ಪರಿಚಯದವರು ಹೇಳಿದ್ದು ಈ ಲೆಕ್ಕ.

ಹೊಸ ಪದ್ಧತಿಯಲ್ಲಿ ಪಿಂಚಣಿಯಿಂದ 75,000 ಹೋಗುತ್ತದೆ, ಉಳಿದದ್ದು 2,85,000. ಬಡ್ಡಿಗೆ ಕಡಿತ ಇಲ್ಲ. ಒಟ್ಟು 5,48,000. 4 ಲಕ್ಷದ ಮೇಲೆ ಶೇ. 5 ಅಂದರೆ 7,400. ಆದರೆ 12 ಲಕ್ಷದ ತನಕ ರಿಯಾಯಿತಿ ಇರುವುದರಿಂದ ಅದೂ ಸೊನ್ನೆ. ಹೊಸ ಪದ್ಧತಿಯಲ್ಲೇ ಇರಿ, ಧೈರ್ಯವಾಗಿ 15ಎಚ್ ಕೊಡಿ. 80ಟಿಟಿಬಿಯ ಆಸೆಗೆ ಹಳೆಯದಕ್ಕೆ ಹೋದರೆ ನಿಮಗೆ ನಷ್ಟ.

ಬದಿಯಡ್ಕದ ಟೀಚರ್: ಅಬ್ಬ! ಹಾಗಾದರೆ ಫಾರ್ಮಿನಲ್ಲಿ ಒಟ್ಟು ಆದಾಯ ಅಂತ 1,40,000 ಬರೆದರೆ ಸಾಕಲ್ವಾ?

ತೆರಿಗೆ ಸಲಹೆಗಾರ: ಬೇಡ. ಹೆಚ್ಚಿನವರು ಎಡವುವುದು ಅಲ್ಲೇ. ಬ್ಯಾಂಕಿಗೆ ಕೊಡುವ ಫಾರ್ಮಿನಲ್ಲಿ ಈ ಘೋಷಣೆಗೆ ಸೇರುವ ಆದಾಯ 1,40,000. ವರ್ಷದ ಅಂದಾಜು ಒಟ್ಟು ಆದಾಯದ ಜಾಗದಲ್ಲಿ 5,48,000. ಬೇರೆ 15ಎಚ್ ಕೊಟ್ಟಿದ್ದೀರಾ ಅನ್ನುವಲ್ಲಿ ಅಂಚೆ ಕಚೇರಿಯದ್ದು ಒಂದು, ಮೊತ್ತ 1,23,000. ಅಂಚೆಗೆ ಬೇರೆಯೇ ಫಾರ್ಮ್ ಕೊಡಬೇಕು, ಇಲ್ಲವಾದರೆ ಅಲ್ಲೂ ಪ್ರತಿ ಕಂತಿಗೆ 3,075 ಹೋಗುತ್ತದೆ. ಪ್ಯಾನ್ ನಂಬರ್ ಸರಿ ಇರಲಿ, ಇಲ್ಲದಿದ್ದರೆ ಶೇ. 20 ಹಿಡಿಯುತ್ತಾರೆ. ಕೊಟ್ಟ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಹೋದ 3,500 ಬ್ಯಾಂಕಿನಿಂದ ವಾಪಸ್ ಬರುವುದಿಲ್ಲ. ಅದು ಸರ್ಕಾರಕ್ಕೆ ಸೇರಿರುತ್ತದೆ. ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ನಿಮ್ಮ ಹೆಸರಿಗೆ ಬಂದಿದೆಯಾ ನೋಡಿ, ಮುಂದಿನ ವರ್ಷ ರಿಟರ್ನ್ ಹಾಕಿ ರಿಫಂಡ್ ತೆಗೆದುಕೊಳ್ಳಿ. ಈ ಫಾರ್ಮಿನ ಬಲ ಮುಂದಿನ ಮಾರ್ಚ್ ತನಕ ಮಾತ್ರ. ಏಪ್ರಿಲ್‌ನಲ್ಲಿ ಮತ್ತೆ ಕೊಡಬೇಕು.

ಮಂಜೇಶ್ವರದ ಸದಸ್ಯೆ: ನನ್ನ ಯಜಮಾನರು 58ರವರು, ಅವರದ್ದೂ 15ಎಚ್ ಕೊಟ್ಟರಾಗದಾ? ಬಡ್ಡಿ ನಾಲ್ಕೂವರೆ ಲಕ್ಷ ಬರುತ್ತದೆ.

ತೆರಿಗೆ ಸಲಹೆಗಾರ: ಆಗದು ಅಕ್ಕಾ. ಅವರಿಗಿರುವುದು 15ಜಿ, ಅದರಲ್ಲಿ ಇನ್ನೊಂದು ಷರತ್ತೂ ಇದೆ. ಬಡ್ಡಿಯಂಥ ಆದಾಯದ ಮೊತ್ತವೇ 4 ಲಕ್ಷ ದಾಟಬಾರದು. ರಿಯಾಯಿತಿಯಿಂದ ತೆರಿಗೆ ಸೊನ್ನೆಯಾದರೂ ಅವರು 15ಜಿ ಕೊಡುವ ಹಾಗಿಲ್ಲ, ಟಿಡಿಎಸ್ ಹಿಡಿದರೆ ರಿಟರ್ನ್ ಹಾಕಿ ರಿಫಂಡ್ ತೆಗೆದುಕೊಳ್ಳಬಹುದು.

ಮುಳ್ಳೇರಿಯದ ಕೃಷಿಕ: ನನಗೆ 70. ಬಡ್ಡಿ ಆರು ಲಕ್ಷ, ಜೊತೆಗೆ ಅಡಿಕೆ ತೋಟ. ಅಡಿಕೆಗೆ ತೆರಿಗೆ ಇಲ್ಲ, ಅದನ್ನು ಬಿಟ್ಟು ಸುಮ್ನೆ 15ಎಚ್ ಕೊಡ್ತೇನೆ.

ತೆರಿಗೆ ಸಲಹೆಗಾರ: ಸ್ವಲ್ಪ ತಾಳಿ ಮಾವ. ಅಡಿಕೆಯ ಆದಾಯಕ್ಕೆ ನೇರವಾಗಿ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಉಳಿದ ಆದಾಯ 4 ಲಕ್ಷ ದಾಟಿದರೆ, ದರ ಲೆಕ್ಕ ಹಾಕುವಾಗ ತೋಟದ ಆದಾಯವನ್ನೂ ಸೇರಿಸಿ ನೋಡುತ್ತಾರೆ. ಆಗ ಬಡ್ಡಿಗೆ ಬೀಳುವ ತೆರಿಗೆ ಜಾಸ್ತಿಯಾಗುತ್ತದೆ, ರಿಯಾಯಿತಿಯ ಮಿತಿ ಮಾತ್ರ 60,000. ತೋಟದ್ದು ಎಷ್ಟು ಅಂತ ತಿಳಿಯದೆ ನಾನು ಹೂಂ ಅನ್ನಲಾರೆ. ಕಳೆದ ವರ್ಷದ ಅಡಿಕೆ ಮಾರಾಟದ ಚೀಟಿ, ಕೂಲಿ–ಗೊಬ್ಬರದ ಖರ್ಚಿನ ಲೆಕ್ಕ ಹಿಡಿದು ಬನ್ನಿ. ಅಲ್ಲಿಯವರೆಗೆ ಸಹಿ ಹಾಕಬೇಡಿ.